ಆಡಿಯೊ ನಿಮಿಷಕ್ಕೆ 12 ರೂಪಾಯಿ ಸಾಕಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾವೇರಿ ಜಿಲ್ಲೆಯವಳು. ಬಿ.ಎ. ಮುಗಿದಿದೆ, ಕನ್ನಡ ಟೈಪಿಂಗ್ ನಿಮಿಷಕ್ಕೆ 30 ಪದ ಬರುತ್ತದೆ. ಒಂದು ಸಂಸ್ಥೆಯವರು ರೈತರ ಸಂದರ್ಶನಗಳ ಆಡಿಯೊ ಕೇಳಿ ಬರೆದುಕೊಡುವ ಕೆಲಸ ಕೊಟ್ಟರು. ಆಡಿಯೊ ನಿಮಿಷಕ್ಕೆ 12 ರೂಪಾಯಿ. ಮೊದಲ ಫೈಲು 46 ನಿಮಿಷದ್ದು. ಮುಗಿಸಲು ಎರಡು ದಿನದಲ್ಲಿ ಒಟ್ಟು 9 ಗಂಟೆ ಹಿಡಿಯಿತು. 552 ರೂಪಾಯಿ ಬರಬೇಕಿತ್ತು. "ಅಕ್ಯುರಸಿ 95 ಪರ್ಸೆಂಟ್ ಇಲ್ಲ" ಅಂತ 150 ಹಿಡಿದುಕೊಂಡು 402 ಹಾಕಿದರು. ಈಗ ಅದೇ ಸಂದರ್ಶನಗಳ ವಿಡಿಯೊಗೆ ಕನ್ನಡ ಸಬ್‌ಟೈಟಲ್ ಮಾಡಿಕೊಡಿ, ರೇಟು ಅದೇ ಅಂತಿದ್ದಾರೆ. ನನ್ನ ಸ್ಪೀಡ್ ಕಡಿಮೆಯಾಯಿತಾ? ಕಾಲಲ್ಲಿ ಒತ್ತುವ ಪೆಡಲ್ ಕೊಂಡರೆ ಸರಿಹೋಗುತ್ತಾ? ಎಷ್ಟು ರೇಟು ಕೇಳಬೇಕು?

ಉತ್ತರ: ಮೊದಲು ಟೈಪಿಂಗ್ ಲೆಕ್ಕ ನೋಡೋಣ. ನಾನು ಮಾಡಿದ ಕನ್ನಡ ಸಂದರ್ಶನಗಳಲ್ಲಿ ಮಾತಾಡುವವರು ನಿಮಿಷಕ್ಕೆ ಸುಮಾರು 100 ಪದ ಆಡುತ್ತಾರೆ. ನಿಮ್ಮ ಫೈಲಿನಲ್ಲೂ ಹಾಗೇ ಇದ್ದರೆ 46 ನಿಮಿಷಕ್ಕೆ 4,600 ಪದ. ನಿಮಿಷಕ್ಕೆ 30 ಪದದಂತೆ ಅಷ್ಟನ್ನೂ ಟೈಪ್ ಮಾಡಲು ಎರಡೂವರೆ ಗಂಟೆ ಸಾಕು. ನಿಮಗೆ ಹಿಡಿದದ್ದು ಒಂಬತ್ತು ಗಂಟೆ. ಅಂದರೆ ಆರೂವರೆ ಗಂಟೆ ಕೀಬೋರ್ಡಿನಲ್ಲಿ ಹೋಗಿಲ್ಲ. ನಾಳೆಯೇ ನಿಮ್ಮ ಟೈಪಿಂಗ್ ವೇಗ ಎರಡರಷ್ಟಾದರೂ ಉಳಿಯುವುದು ಒಂದೂಕಾಲು ಗಂಟೆ ಅಷ್ಟೇ.

ಆ ಆರೂವರೆ ಗಂಟೆ ಎಲ್ಲಿ ಹೋಯಿತು? ಈ ಕೆಲಸಕ್ಕೆ ಹೊಸದಾಗಿ ಬಂದವರ ಪಕ್ಕ ಕೂತು ನೋಡಿದಾಗಲೆಲ್ಲ ನನಗೆ ಕಂಡದ್ದು ಹೆಚ್ಚುಕಡಿಮೆ ಒಂದೇ. ಆಡಿಯೊ ಒಂದು ಕಿಟಕಿಯಲ್ಲಿ, ಬರಹ ಇನ್ನೊಂದರಲ್ಲಿ. ಒಂದು ಸಾಲು ಕೇಳುತ್ತಾರೆ, ಮೌಸ್ ಹಿಡಿದು ನಿಲ್ಲಿಸುತ್ತಾರೆ, ಬರಹದ ಕಿಟಕಿಗೆ ಬರುತ್ತಾರೆ, ಬರೆಯುತ್ತಾರೆ, ಮತ್ತೆ ಆ ಕಡೆ ಹೋಗಿ ಮೌಸಿನಲ್ಲೇ ಒಂಚೂರು ಹಿಂದಕ್ಕೆ ಎಳೆಯುತ್ತಾರೆ. ಎಳೆದದ್ದು ಜಾಸ್ತಿಯಾಗಿ ಬರೆದ ಸಾಲನ್ನೇ ಮತ್ತೆ ಕೇಳಬೇಕಾಗುತ್ತದೆ. ಒಂದು ಸಲಕ್ಕೆ ಐದಾರು ಸೆಕೆಂಡ್ ವ್ಯರ್ಥ. ನಿಮಿಷಕ್ಕೆ ಹತ್ತು ಸಲ ಹೀಗಾದರೆ 46 ನಿಮಿಷದ ಫೈಲಿಗೆ ಮುಕ್ಕಾಲು ಗಂಟೆ ಸುಮ್ನೆ ಹೋಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಅರ್ಥವಾಗದ ಒಂದು ಪದ ಸಿಕ್ಕರೆ ಅಲ್ಲೇ ಕೂತು ಹದಿನೈದು ಸಲ ಕೇಳುತ್ತಾರೆ. ಅಂಥ ಇಪ್ಪತ್ತು ಪದ ಇದ್ದರೆ ಮಧ್ಯಾಹ್ನ ಮುಗಿಯಿತು.

ಕಿಟಕಿಯ ತೊಂದರೆಗೆ ಪರಿಹಾರ ಸುಲಭ, ದುಡ್ಡೂ ಬೇಕಿಲ್ಲ. oTranscribe ಅಂತ ಒಂದು ಉಚಿತ ಸಾಧನ ಇದೆ. ಬ್ರೌಸರಿನಲ್ಲೇ ನಡೆಯುತ್ತದೆ. ಆಡಿಯೊ ಮೇಲೆ, ಬರಹ ಕೆಳಗೆ, ಎರಡೂ ಒಂದೇ ಪುಟದಲ್ಲಿ. Esc ಒತ್ತಿದರೆ ನಿಲ್ಲುತ್ತದೆ, ಮತ್ತೆ ಒತ್ತಿದರೆ ಓಡುತ್ತದೆ. F1 ಹಿಂದಕ್ಕೆ, F2 ಮುಂದಕ್ಕೆ, F3 ನಿಧಾನ, F4 ಜೋರು. Ctrl+J ಒತ್ತಿದರೆ ಆ ಕ್ಷಣದ ಸಮಯ ಬರಹದೊಳಗೆ ಬಂದು ಕೂರುತ್ತದೆ. ಆಡಿಯೊ ನಿಮ್ಮ ಕಂಪ್ಯೂಟರಿನಲ್ಲೇ ಉಳಿಯುತ್ತದೆ, ಎಲ್ಲಿಗೂ ಅಪ್‌ಲೋಡ್ ಆಗುವುದಿಲ್ಲ. ರೈತರು ತಮ್ಮ ಸಾಲದ ಬಗ್ಗೆ, ಮನೆಯ ಬಗ್ಗೆ ನಂಬಿ ಹೇಳಿದ ಮಾತು ಅದು, ಹಾಗಾಗಿ ಇದು ನನಗೆ ಮುಖ್ಯ. ಒಂದು ಎಚ್ಚರಿಕೆ ಮಾತ್ರ ಬೇಕು. ನೀವು ಬರೆದದ್ದು ಬ್ರೌಸರಿನ ನೆನಪಿನಲ್ಲೇ ಇರುತ್ತದೆ. ಯಾರಾದರೂ ಬ್ರೌಸರಿನ ಡೇಟಾ ಅಳಿಸಿದರೆ ಅದೂ ಹೋಗುತ್ತದೆ. ಅರ್ಧ ಗಂಟೆಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.

ಪೆಡಲ್ ಕೊಡುವುದೂ ಇದನ್ನೇ. ನಿಲ್ಲಿಸುವ, ಹಿಂದೆ ತರುವ ಕೆಲಸವನ್ನು ಕೈಯಿಂದ ಕಾಲಿಗೆ ಕೊಡುತ್ತದೆ. Express Scribe ಥರದ ಸಾಫ್ಟ್‌ವೇರಿಗೆ ಜೋಡಿಸಿದರೆ, ನಿಲ್ಲಿಸಿದಾಗ ಒಂದೆರಡು ಸೆಕೆಂಡ್ ತಾನಾಗಿಯೇ ಹಿಂದಕ್ಕೆ ಹೋಗುವಂತೆ ಹೊಂದಿಸಬಹುದು. ದಿನಕ್ಕೆ ಐದಾರು ಗಂಟೆ ಇದೇ ಕೆಲಸ ಮಾಡುವವರಿಗೆ ಬೆರಳಿಗೆ ಆರಾಮ. ನಿಮ್ಮ ಈಗಿನ ಕೆಲಸಕ್ಕೆ Esc ಕೀ ಸಾಕು. ಆ ದುಡ್ಡಿದ್ದರೆ ಕಿವಿಯನ್ನು ಪೂರ್ತಿ ಮುಚ್ಚುವ ಒಳ್ಳೆಯ ಹೆಡ್‌ಫೋನ್ ತೆಗೆದುಕೊಳ್ಳಿ. ಮೊಬೈಲಿನ ಜೊತೆ ಬರುವ ಇಯರ್‌ಫೋನಿನಲ್ಲಿ ಕೇಳಿಸದ ಒತ್ತಕ್ಷರ ಅದರಲ್ಲಿ ಕೇಳಿಸುತ್ತದೆ.

ಹೊಲದಲ್ಲಿ ರೆಕಾರ್ಡ್ ಮಾಡಿದ ಆಡಿಯೊದಲ್ಲಿ ಗಾಳಿ ಗೊರಗೊರ ಅನ್ನುತ್ತಿರುತ್ತದೆ. ಪ್ರಶ್ನೆ ಕೇಳುವವರ ದನಿ ಜೋರು, ರೈತರ ದನಿ ಸಣ್ಣದು. ಬರೆಯಲು ಕೂರುವ ಮೊದಲು ಎರಡು ನಿಮಿಷ ಕೊಟ್ಟು ಇದನ್ನು ಸರಿಮಾಡಿ. ffmpeg ಅನ್ನುವ ಉಚಿತ ಸಾಧನ ಹಾಕಿಕೊಂಡಿದ್ದರೆ ಒಂದೇ ಸಾಲಿನ ಕಮಾಂಡ್:

```
ffmpeg -i raita03.m4a -af "highpass=f=100,loudnorm" -ar 44100 raita03.wav
```

ಮೊದಲ ಭಾಗ ಗಾಳಿಯ ದಪ್ಪ ಸದ್ದನ್ನು ಇಳಿಸುತ್ತದೆ, ಎರಡನೆಯದು ಒಟ್ಟು ದನಿಯ ಮಟ್ಟವನ್ನು ಹದಕ್ಕೆ ತರುತ್ತದೆ. ಕಮಾಂಡ್ ಬೇಡ ಅನ್ನಿಸಿದರೆ Audacity ಯಲ್ಲೂ ಇದೇ ಕೆಲಸ ಆಗುತ್ತದೆ. ಆದರೆ ಸದ್ದು ತೆಗೆಯುವುದನ್ನು ಅತಿ ಮಾಡಬೇಡಿ. ಜಾಸ್ತಿ ಒರೆಸಿದರೆ ಸ, ಶ, ಫ ಎಲ್ಲ ಒಂದೇ ಥರ ಕೇಳಿಸುತ್ತವೆ. ಕಿವಿಗೆ ಹಿತವಾಗಿರುತ್ತದೆ, ಪದ ಮಾತ್ರ ತಪ್ಪುತ್ತದೆ. ಮೂಲ ಫೈಲನ್ನು ಪಕ್ಕದಲ್ಲೇ ಇಟ್ಟುಕೊಂಡಿರಿ.

ಅರ್ಥವಾಗದ ಪದದ ತೊಂದರೆಗೆ ಸಾಧನ ಇಲ್ಲ, ಕೆಲಸದ ಕ್ರಮ ಬದಲಾಗಬೇಕು. ನಾನು ಒಂದು ಫೈಲನ್ನು ಮೂರು ಸುತ್ತಿನಲ್ಲಿ ಮುಗಿಸುತ್ತೇನೆ. ಮೊದಲ ಸುತ್ತಿನಲ್ಲಿ ಯಾವ ಪದಕ್ಕೂ ಎರಡು ಸಲಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ತಿಳಿಯದಿದ್ದರೆ [ಅಸ್ಪಷ್ಟ 00:12:41] ಅಂತ ಬರೆದು ಮುಂದೆ ಹೋಗುತ್ತೇನೆ. ಮುಗಿಯುವ ಹೊತ್ತಿಗೆ ಮಾತಾಡುವವರ ನಾಲಿಗೆಯ ತಿರುವು ಕಿವಿಗೆ ಅಭ್ಯಾಸವಾಗಿರುತ್ತದೆ. ಅವರ ಊರಿನ ಹೆಸರು, ಹೊಲದ ಬೆಳೆ, ಮಗನ ಹೆಸರು ಎಲ್ಲ ಗೊತ್ತಾಗಿರುತ್ತವೆ. ಎರಡನೇ ಸುತ್ತಿನಲ್ಲಿ ಆ ಅಸ್ಪಷ್ಟ ಜಾಗಗಳಿಗೆ ಮಾತ್ರ ಹೋಗುತ್ತೇನೆ. ಮೊದಲು ಒಗಟಾಗಿದ್ದ ಪದಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಗ ಒಂದೇ ಸಲಕ್ಕೆ ಬಿಡಿಸಿಕೊಳ್ಳುತ್ತವೆ. ಮೂರನೇ ಸುತ್ತು ಪರೀಕ್ಷೆಯದು. ಅದಕ್ಕೆ ಆಮೇಲೆ ಬರುತ್ತೇನೆ.

ಈಗ 95 ಪರ್ಸೆಂಟಿನ ಮಾತು. ನಿಮಗೆ ಅನ್ಯಾಯ ಆಗಿರಬಹುದಾದದ್ದು ಇಲ್ಲಿ ಅಂತ ನನಗನ್ನಿಸುತ್ತದೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಕ್ಯುರಸಿ ಅಳೆಯುವ ರೂಢಿಯ ಕ್ರಮ ಹೀಗಿದೆ. ಸರಿಯಾದ ಬರಹ ಒಂದನ್ನು ಪಕ್ಕದಲ್ಲಿಟ್ಟು ಬದಲಾದ ಪದ, ಬಿಟ್ಟುಹೋದ ಪದ, ಹೆಚ್ಚಿಗೆ ಸೇರಿದ ಪದ, ಮೂರನ್ನೂ ಕೂಡಿಸುತ್ತಾರೆ. ಅದನ್ನು ಸರಿಯಾದ ಬರಹದ ಒಟ್ಟು ಪದಗಳಿಂದ ಭಾಗಿಸುತ್ತಾರೆ. ಬಂದದ್ದು ತಪ್ಪಿನ ಪ್ರಮಾಣ. ನೂರು ಪದಕ್ಕೆ ಐದು ತಪ್ಪಾದರೆ 95 ಪರ್ಸೆಂಟ್. ಲೆಕ್ಕ ಸರಿ. ಆದರೆ ಆ "ಸರಿಯಾದ ಬರಹ" ಯಾವುದು ಅಂತ ಮೊದಲೇ ಗೊತ್ತುಮಾಡದಿದ್ದರೆ ಕನ್ನಡದಲ್ಲಿ ಈ ಲೆಕ್ಕ ಎಲ್ಲಿಗೆ ಬೇಕಾದರೂ ಹೋಗುತ್ತದೆ. ನಿಮ್ಮ ಕಡೆಯ ಒಬ್ಬ ರೈತರು ಹೀಗೆ ಹೇಳಿದರು ಅಂದುಕೊಳ್ಳಿ:

"ನಾವು ಹೊಲಾ ಹರಗಿದ್ವಿ, ಆಮ್ಯಾಲ ಬಿತ್ತಿದ್ವಿ, ಆದ್ರ ಮಳಿ ಬರಲಿಲ್ರಿ."

ಎಂಟು ಪದ. ನೀವು ಕೇಳಿದ್ದನ್ನು ಕೇಳಿದ ಹಾಗೇ ಬರೆದಿರಿ. ಪರೀಕ್ಷಿಸುವವರ ಮನಸ್ಸಿನಲ್ಲಿ ಇದ್ದದ್ದು ಪುಸ್ತಕದ ಕನ್ನಡ: "ನಾವು ಹೊಲ ಹರಗಿದೆವು, ಆಮೇಲೆ ಬಿತ್ತಿದೆವು, ಆದರೆ ಮಳೆ ಬರಲಿಲ್ಲ." ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. "ನಾವು" ಒಂದು ಬಿಟ್ಟು ಏಳು ಪದವೂ ಬೇರೆ. ಎಂಟರಲ್ಲಿ ಏಳು ತಪ್ಪು ಅಂತ ಲೆಕ್ಕ ಬರುತ್ತದೆ. ನೀವು ನಿಜವಾಗಿ ಮಾಡಿದ ತಪ್ಪು ಒಂದೂ ಇಲ್ಲ.

ಇದಕ್ಕೆ ಉಲ್ಟಾ ಇನ್ನೊಂದು ನೋಡಿ. ಬೇಸಾಯ ಗೊತ್ತಿಲ್ಲದ ಒಬ್ಬರು ಅದೇ ಸಾಲನ್ನು "ಹೊಲಾ ಹರಡಿದ್ವಿ" ಅಂತ ಬರೆದರು, ಉಳಿದದ್ದೆಲ್ಲ ಸರಿ. ಎಂಟರಲ್ಲಿ ಒಂದೇ ತಪ್ಪು. ಆದರೆ ಹರಗುವುದು ಅಂದರೆ ಕುಂಟೆ ಹೊಡೆದು ಹೊಲ ಹದ ಮಾಡುವುದು. ಹರಡುವುದು ಬೇರೆಯೇ ಮಾತು. ಆ ಸಂಶೋಧನೆ ಉಳುಮೆಯ ಬಗ್ಗೆ ಇದ್ದರೆ ಆ ಒಂದು ಪದ ಹೋದಾಗ ಸಾಲೇ ಹೋಯಿತು. ಏಳು ತಪ್ಪು ಅನ್ನಿಸಿಕೊಂಡ ನಿಮ್ಮ ಸಾಲು ಒಂದು ತಪ್ಪಿನ ಅವರ ಸಾಲಿಗಿಂತ ಸರಿಯಾಗಿದೆ.

ಪದ ಬಿಡಿಸುವುದರಲ್ಲೂ ಇದೇ ಕಥೆ. ನೀವು "ಮಾಡಿಬಿಟ್ಟಿದ್ದೆ" ಅಂತ ಕೂಡಿಸಿ ಬರೆದು, ಅವರು "ಮಾಡಿ ಬಿಟ್ಟಿದ್ದೆ" ಅಂತ ಬಿಡಿಸಿದ್ದರೆ, ಎರಡು ತಪ್ಪು ಸೇರುತ್ತವೆ: ಒಂದು ಪದ ಬದಲು, ಒಂದು ಪದ ಬಿಟ್ಟಿದೆ ಅಂತ. ಕನ್ನಡದಲ್ಲಿ ಪದಗಳು ಕೂಡಿಕೊಳ್ಳುವುದೇ ಸಹಜ. ಹಾಗಾಗಿ ಪದ ಎಣಿಸಿ ಕೊಡುವ ಪರ್ಸೆಂಟನ್ನು ಒಂದೇ ಅಳತೆ ಅಂತ ನಾನು ಒಪ್ಪುವುದಿಲ್ಲ.

ಕೆಲಸ ಹಿಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮಾತನ್ನು ಎಷ್ಟು ಹಾಗೇ ಇಡಬೇಕು? "ಆಂ", "ಅದೇನಂದ್ರ", ಎರಡೆರಡು ಸಲ ಆಡಿದ ಪದ ಎಲ್ಲ ಬೇಕಾ? ಅಥವಾ ಅವನ್ನು ಬಿಟ್ಟು ಆಡುಮಾತನ್ನು ಹಾಗೇ ಉಳಿಸಬೇಕಾ? ಅಥವಾ ಪುಸ್ತಕದ ಕನ್ನಡಕ್ಕೆ ತಿದ್ದಬೇಕಾ? ಮೂರೂ ಬೇರೆ ಬೇರೆ ಕೆಲಸ, ಹಿಡಿಯುವ ಸಮಯವೂ ಬೇರೆ. ಮೊದಲ ಎರಡು ನಿಮಿಷ ಮಾತ್ರ ಬರೆದು ಕಳಿಸಿ, "ಇದೇ ರೀತಿ ಮುಂದುವರಿಸಲಾ?" ಅಂತ ಕೇಳಿ. ಅವರು ಹೂಂ ಅಂದ ಆ ಎರಡು ನಿಮಿಷವೇ ಮುಂದೆ ಎಲ್ಲ ಫೈಲಿಗೂ ನಿಮ್ಮ ಸಾಕ್ಷಿ. ನನಗೂ ಮೊದಲ ವರ್ಷಗಳಲ್ಲಿ ಇದು ಗೊತ್ತಿರಲಿಲ್ಲ. ಒಂದು ಕಡೆಯವರಿಗೆ ಆರು ಗಂಟೆಯ ಆಡಿಯೊವನ್ನು ಕರಾವಳಿ ಮಾತಿನಲ್ಲೇ ಬರೆದುಕೊಟ್ಟೆ. ಅವರಿಗೆ ಬೇಕಾಗಿದ್ದದ್ದು ಅಚ್ಚಿಗೆ ಹೋಗುವ ಬರಹ. ಪೂರ್ತಿ ಮತ್ತೆ ತಿದ್ದಬೇಕಾಯಿತು, ಅದಕ್ಕೆ ಒಂದು ರೂಪಾಯಿಯೂ ಬರಲಿಲ್ಲ.

ಹಾಗಂತ ನಿಮ್ಮ ಬರಹದಲ್ಲಿ ತಪ್ಪೇ ಇರಲಿಲ್ಲ ಅಂತಲೂ ನಾನು ಹೇಳಲಾರೆ, ನೋಡಿಲ್ಲ. ಅದಕ್ಕೆ ಮೂರನೇ ಸುತ್ತು ಬೇಕು. ಬರಹ ನೋಡುತ್ತಾ ಆಡಿಯೊ ಪೂರ್ತಿ ಕೇಳುವುದು ಎಲ್ಲರೂ ಮಾಡುವ ಪರೀಕ್ಷೆ. ಅದನ್ನು ಮಾಡಿ. ಆದರೆ ಅದರಲ್ಲಿ ಒಂದು ತೊಡಕಿದೆ. ಕಣ್ಣು ಓದಿದ್ದನ್ನೇ ಕಿವಿ ಕೇಳಿಸಿಕೊಳ್ಳುತ್ತದೆ. ಎದುರಿಗೆ "ಕೊಟ್ಟಂಗಿಲ್ಲ" ಅಂತ ಬರೆದಿದ್ದರೆ, ರೈತರು "ಕೊಡಂಗಿಲ್ಲ" ಅಂದರೂ ನಮಗೆ ಕೊಟ್ಟಂಗಿಲ್ಲ ಅಂತಲೇ ಕೇಳಿಸುತ್ತದೆ. ಮೊದಲನೆಯದು ಇನ್ನೂ ಕೊಟ್ಟ ಹಾಗಿಲ್ಲ ಅಂತ, ಎರಡನೆಯದು ಕೊಡುವುದೇ ಇಲ್ಲ ಅಂತ. ಪರಿಹಾರದ ಹಣದ ಮಾತಾದರೆ ಎರಡಕ್ಕೂ ಎಷ್ಟು ದೂರ, ಅಲ್ವಾ?

ಹಾಗಾಗಿ ನಾಲ್ಕು ಬಗೆಯ ಜಾಗಗಳನ್ನು ನಾನು ಬೇರೆಯಾಗಿ ಪರೀಕ್ಷಿಸುತ್ತೇನೆ: ಅಂಕಿ, ಹೆಸರು, ಇಲ್ಲ-ಅಲ್ಲ-ಬೇಡ ಇರುವ ಮಾತು, ಮತ್ತು ಇಬ್ಬರು ಒಟ್ಟಿಗೆ ಮಾತಾಡಿದ ಕಡೆ ಯಾರ ಮಾತು ಯಾರದು ಅನ್ನುವುದು. ಆ ಸಮಯಕ್ಕೆ ಹೋಗಿ, ಬರಹದಿಂದ ಕಣ್ಣು ತೆಗೆದು, ಬರೀ ಕೇಳಿ, ಕೇಳಿದ್ದನ್ನು ಒಂದು ಚೀಟಿಯಲ್ಲಿ ಬರೆಯುತ್ತೇನೆ. ಆಮೇಲೆ ಬರಹದ ಜೊತೆ ಹೋಲಿಸುತ್ತೇನೆ. 46 ನಿಮಿಷದ ಫೈಲಿಗೆ ಇದಕ್ಕೆ ಅರ್ಧ ಗಂಟೆ ಸಾಕು. ಅರ್ಥ ಕೆಡಿಸುವ ತಪ್ಪುಗಳಲ್ಲಿ ಹೆಚ್ಚಿನವು ಸಿಗುವುದು ಇಲ್ಲೇ.

ಒಕ್ಕಲುತನದ ಪದಗಳ ವಿಷಯದಲ್ಲಿ ನಿಮಗೊಂದು ಅನುಕೂಲ ಇದೆ. ಕೂರಿಗೆ, ರೆಂಟೆ, ಎಡೆ ಹೊಡೆಯುವುದು, ಇವೆಲ್ಲ ನಿಮಗೆ ಕೇಳಿದ ಪದಗಳು. ಹಾವೇರಿ ಕಡೆಯ ಮಾತು ಕೇಳಿ ಬಲ್ಲವರು ಬರೆದ ಫೈಲಿಗೂ, ಬೇರೆ ಕಡೆಯವರು ಊಹಿಸಿ ಬರೆದ ಫೈಲಿಗೂ ಬಹಳ ವ್ಯತ್ಯಾಸ. ರೇಟು ಹೇಳುವಾಗ ಇದನ್ನು ಬಾಯಿಬಿಟ್ಟು ಹೇಳಿ.

ಇನ್ನು ರೇಟು. ಆಡಿಯೊ ನಿಮಿಷಕ್ಕೆ ಇಷ್ಟು ಅನ್ನುವುದು ಕೊಡುವವರಿಗೆ ಅನುಕೂಲದ ಲೆಕ್ಕ, ಫೈಲಿನ ಉದ್ದ ನೋಡಿದರೆ ಖರ್ಚು ಗೊತ್ತಾಗುತ್ತದೆ. ನಿಮಗೆ ಬೇಕಾದ ಲೆಕ್ಕ ಇನ್ನೊಂದು: ಒಂದು ಆಡಿಯೊ ನಿಮಿಷಕ್ಕೆ ಕೆಲಸದ ನಿಮಿಷ ಎಷ್ಟು? ನಿಮ್ಮ ಮೊದಲ ಫೈಲಿನಲ್ಲಿ 540 ನಿಮಿಷ ದುಡಿದಿರಿ, ಆಡಿಯೊ 46 ನಿಮಿಷ. ಒಂದಕ್ಕೆ ಹನ್ನೆರಡರ ಹತ್ತಿರ. ನನ್ನ ಸ್ವಂತ ಲೆಕ್ಕದ ಪುಸ್ತಕದಲ್ಲಿ, ಒಬ್ಬರೇ ಕೋಣೆಯಲ್ಲಿ ಕೂತು ಸ್ಪಷ್ಟವಾಗಿ ಮಾತಾಡಿದ ಫೈಲು ಒಂದಕ್ಕೆ ನಾಲ್ಕೋ ಐದೋ ಆಗುತ್ತದೆ. ಇಬ್ಬರ ಸಂದರ್ಶನ ಆರೇಳು. ಹೊಲ, ಸಂತೆ, ಗುಂಪು ಚರ್ಚೆ ಎಂಟರಿಂದ ಹನ್ನೆರಡು. ಹೊಸಬರಾಗಿ ಹೊಲದ ಆಡಿಯೊಗೆ ಹನ್ನೆರಡು ಅಂದರೆ ನೀವು ನಿಧಾನ ಅಂತ ನಾನು ಹೇಳುವುದಿಲ್ಲ.

ಮುಂದಿನ ಫೈಲು ಒಪ್ಪುವ ಮೊದಲು ಹೀಗೆ ಮಾಡಿ. ಫೈಲಿನ ನಡುವಿನಿಂದ ಐದು ನಿಮಿಷದ ತುಂಡು ತೆಗೆದುಕೊಳ್ಳಿ. ಮೊದಲ ಐದು ನಿಮಿಷ ಬೇಡ, ಅಲ್ಲಿ ಹೆಸರು-ಊರು ಕೇಳುವ ನಿಧಾನದ ಮಾತೇ ಜಾಸ್ತಿ. ಆ ತುಂಡನ್ನು ಮೂರೂ ಸುತ್ತು ಮುಗಿಸಿ, ಗಡಿಯಾರ ನೋಡಿ. 40 ನಿಮಿಷ ಆಯಿತು ಅನ್ನೋಣ. ಒಂದಕ್ಕೆ ಎಂಟು. ನಿಮ್ಮ ಒಂದು ಗಂಟೆಗೆ 150 ರೂಪಾಯಿ ಬೇಕು ಅಂತ ನೀವು ತೀರ್ಮಾನಿಸಿದ್ದರೆ, 150ನ್ನು 8ರಿಂದ ಗುಣಿಸಿ 60ರಿಂದ ಭಾಗಿಸಿ. 20 ರೂಪಾಯಿ. ಇದರ ಮೇಲೆ ಫೈಲು ಇಳಿಸಿಕೊಳ್ಳುವುದು, ಬಿಲ್ಲು ಬರೆಯುವುದು, ಫೋನಿನ ಮಾತು, ಒಂದು ಸಲದ ತಿದ್ದುಪಡಿ, ಇವಕ್ಕೆ ನಾನು ನೂರಕ್ಕೆ 15 ಸೇರಿಸುತ್ತೇನೆ. 23 ರೂಪಾಯಿ ಆಯಿತು. ಗಂಟೆಗೆ ಎಷ್ಟು ಬೇಕು ಅನ್ನುವ ಅಂಕಿ ನಿಮ್ಮದು. ನಾನು 150 ಅಂದದ್ದು ಲೆಕ್ಕ ತೋರಿಸಲು ಮಾತ್ರ.

ಇದೇ ಲೆಕ್ಕವನ್ನು ತಿರುಗಿಸಿಯೂ ನೋಡಬಹುದು. 12 ರೂಪಾಯಿ ರೇಟಿನಲ್ಲಿ ಗಂಟೆಗೆ 150 ಸಿಗಬೇಕಾದರೆ ಒಂದು ಆಡಿಯೊ ನಿಮಿಷವನ್ನು 4.8 ನಿಮಿಷದಲ್ಲಿ ಮುಗಿಸಬೇಕು. ಕೋಣೆಯಲ್ಲಿ ಒಬ್ಬರೇ ಮಾತಾಡಿದ ಆಡಿಯೊಗೆ ಅದು ಸಾಧ್ಯ. ಹೊಲದ ಆಡಿಯೊಗೆ, ಎಷ್ಟೇ ಪಳಗಿದರೂ, ಮೂರು ಸುತ್ತು ಬಿಡದೆ ಮಾಡಿದರೆ ಆಗುವುದಿಲ್ಲ. ಈಗ ನಿಮಗೆ ಬಿದ್ದದ್ದು, 402ನ್ನು 9ಕ್ಕೆ ಹಂಚಿದರೆ, ಗಂಟೆಗೆ 45 ರೂಪಾಯಿಗೂ ಕಡಿಮೆ.

ಸಬ್‌ಟೈಟಲ್ಲಿಗೂ ಅದೇ ರೇಟು ಅನ್ನುವುದನ್ನು ಮಾತ್ರ ಖಂಡಿತ ಒಪ್ಪಬೇಡಿ. ಅಲ್ಲಿ ಬರಹ ಮುಗಿದ ಮೇಲೆ ಇನ್ನೊಂದು ಪೂರ್ತಿ ಕೆಲಸ ಶುರುವಾಗುತ್ತದೆ. ಬರಹವನ್ನು ತುಂಡು ಮಾಡಬೇಕು, ಪ್ರತಿ ತುಂಡಿಗೂ ಶುರುವಾಗುವ, ಮುಗಿಯುವ ಸಮಯ ಕೂರಿಸಬೇಕು, ಓದಲು ಸಮಯ ಸಾಲದ ಕಡೆ ಮಾತನ್ನು ಚಿಕ್ಕದು ಮಾಡಬೇಕು. Subtitle Edit ಅನ್ನುವ ಉಚಿತ ಸಾಫ್ಟ್‌ವೇರ್ ಇದಕ್ಕೆ ಸಾಕು. ಅದರಲ್ಲಿ ದನಿಯ ಅಲೆ ಕಣ್ಣಿಗೆ ಕಾಣುತ್ತದೆ, ಮಾತು ಎಲ್ಲಿ ಶುರು ಅಂತ ನೋಡಿಯೇ ಗುರುತು ಹಾಕಬಹುದು. ಕೊನೆಗೆ ಕೊಡುವ ಫೈಲಿನಲ್ಲಿ ಒಂದು ತುಂಡು ಹೀಗಿರುತ್ತದೆ:

```
37
00:04:12,480 --> 00:04:15,900
ಹೊಲಾ ಹರಗಿ ಬಿತ್ತಿದ್ವಿ,
ಆದ್ರ ಮಳಿ ಬರಲಿಲ್ರಿ.
```

ಈ ನಾಲ್ಕು ಸಾಲಿನ ಹಿಂದೆ ಎಷ್ಟು ತೀರ್ಮಾನ ಇದೆ ನೋಡಿ. "ನಾವು", "ಆಮ್ಯಾಲ" ಎರಡನ್ನೂ ಬಿಟ್ಟಿದ್ದೇನೆ, ಅರ್ಥ ಹೋಗಿಲ್ಲ. ಸಾಲು ಮುರಿದದ್ದು ಅಲ್ಪವಿರಾಮದ ಹತ್ತಿರ. "ಬರಲಿಲ್ರಿ" ಅನ್ನುವುದನ್ನು ಮುಂದಿನ ತುಂಡಿಗೆ ತಳ್ಳಿದ್ದರೆ ನೋಡುವವರು "ಆದ್ರ ಮಳಿ" ಅಂತ ಓದಿ ಕಾಯಬೇಕಾಗುತ್ತಿತ್ತು. ಕನ್ನಡದಲ್ಲಿ ಆಯಿತೋ ಇಲ್ಲವೋ ಅನ್ನುವುದು ಮಾತಿನ ತುದಿಯಲ್ಲೇ ಗೊತ್ತಾಗುವುದು. ತುದಿ ತಪ್ಪಿದರೆ ಮಾತು ತಪ್ಪಿತು. ಹಾಗೆಯೇ ರೈತರು "ಆದ್ರ" ಅಂದು ಎರಡು ಸೆಕೆಂಡ್ ಸುಮ್ಮನಾಗಿ, ಆಮೇಲೆ "ಮಳಿ ಬರಲಿಲ್ರಿ" ಅಂದಿದ್ದರೆ, ಈ ಎರಡು ಸಾಲನ್ನು ಒಟ್ಟಿಗೆ ತೋರಿಸಬಾರದು. ಅವರು ಹೇಳುವ ಮೊದಲೇ ನಾವು ಹೇಳಿಬಿಟ್ಟ ಹಾಗಾಗುತ್ತದೆ.

ಸಾಮಾನ್ಯವಾಗಿ ಕೇಳುವ ನಿಯಮ: ಒಂದು ತುಂಡಿಗೆ ಎರಡೇ ಸಾಲು, ಏಳು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದು, ಒಂದು ಸೆಕೆಂಡಿನ ಹತ್ತಿರಕ್ಕಾದರೂ ನಿಲ್ಲಬೇಕು. ಜೊತೆಗೆ ಸೆಕೆಂಡಿಗೆ ಇಷ್ಟೇ ಅಕ್ಷರ ಅಂತ ಒಂದು ಮಿತಿ. ಈ ಅಕ್ಷರದ ಎಣಿಕೆಯಲ್ಲಿ ಕನ್ನಡದವರು ಎಡವುತ್ತಾರೆ. ಮೇಲಿನ ತುಂಡನ್ನು ನಾವು ಎಣಿಸಿದರೆ 16 ಅಕ್ಷರ. ಯುನಿಕೋಡ್ ಲೆಕ್ಕದಲ್ಲಿ ಒತ್ತು, ಕೊಂಬು, ಗುಡಿಸು ಎಲ್ಲ ಬೇರೆ ಬೇರೆ. "ಸ್ತ್ರೀ" ಅನ್ನುವ ಒಂದೇ ಅಕ್ಷರ ಅಲ್ಲಿ ಆರು. ಜಾಗ, ವಿರಾಮ ಚಿಹ್ನೆ ಸೇರಿಸಿದರೆ ಮೇಲಿನ ತುಂಡು 39 ಆಗುತ್ತದೆ. 3.42 ಸೆಕೆಂಡಿಗೆ ಭಾಗಿಸಿದರೆ ಸೆಕೆಂಡಿಗೆ 11.4. ಮಿತಿಯ ಅಂಕಿ ಕೊಟ್ಟವರು ಯಾವ ಎಣಿಕೆಯಲ್ಲಿ ಹೇಳಿದ್ದಾರೆ ಅಂತ ಕೇಳಿಕೊಳ್ಳಿ. ಇಲ್ಲದಿದ್ದರೆ ಚೆನ್ನಾಗಿ ಓದಿಸಿಕೊಳ್ಳುವ ತುಂಡನ್ನೂ ಸಾಫ್ಟ್‌ವೇರ್ ಕೆಂಪು ಮಾಡುತ್ತದೆ, ನೀವು ಸುಮ್ನೆ ಮಾತು ಕತ್ತರಿಸುತ್ತಾ ಕೂರುತ್ತೀರಿ.

ಟೈಪಿಂಗ್ ಯುನಿಕೋಡಿನಲ್ಲೇ ಇರಲಿ. ನುಡಿಯ ಹಳೆಯ ಫಾಂಟಿನಲ್ಲಿ ಹೊಡೆದದ್ದು ಸಬ್‌ಟೈಟಲ್ ಫೈಲಿಗೆ ಹೋದರೆ ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಉಳಿಸುವಾಗ UTF-8 ಆಯ್ಕೆ ಮಾಡಿ.

ಕೊಡುವ ಮೊದಲು ಒಂದು ಪರೀಕ್ಷೆ ತಪ್ಪದೆ ಮಾಡಿ. ವಿಡಿಯೊದ ಮೊದಲ ಎರಡು ನಿಮಿಷ ನೋಡಿ, ಆಮೇಲೆ ಕೊನೆಯ ಎರಡು ನಿಮಿಷ ನೋಡಿ. ಎರಡೂ ಕಡೆ ಅಷ್ಟೇ ಸೆಕೆಂಡ್ ಹಿಂದೆಮುಂದೆ ಆಗಿದ್ದರೆ ಒಟ್ಟಿಗೆ ಸರಿಸಿದರೆ ಮುಗಿಯಿತು. ಮೊದಲು ಸರಿಯಿದ್ದು ಹೋಗ್ತಾ ಹೋಗ್ತಾ ದೂರವಾಗಿದ್ದರೆ ವಿಡಿಯೊದ ಫ್ರೇಮ್ ರೇಟ್ ಬೇರೆಯಾಗಿದೆ ಅಂತ ಅರ್ಥ. ಸೆಕೆಂಡಿಗೆ 23.976 ಫ್ರೇಮಿನ ವಿಡಿಯೊ 25ರಲ್ಲಿ ಓಡಿದರೆ ಒಂದು ಗಂಟೆಗೆ ಎರಡೂವರೆ ನಿಮಿಷ ತಪ್ಪುತ್ತದೆ. ಅದನ್ನು Subtitle Edit ನಲ್ಲೇ ಬದಲಿಸಬಹುದು. ಸರಿಯಿದ್ದದ್ದು ನಡುವೆ ಒಂದು ಕಡೆಯಿಂದ ತಟ್ಟನೆ ತಪ್ಪಿದ್ದರೆ, ಅವರು ನಿಮಗೆ ಕೊಟ್ಟ ಮೇಲೆ ವಿಡಿಯೊ ಕತ್ತರಿಸಿದ್ದಾರೆ. ಅದು ನಿಮ್ಮ ತಪ್ಪಲ್ಲ, ಹೊಸ ಕೆಲಸ. ಎಡಿಟಿಂಗ್ ಮುಗಿದ ವಿಡಿಯೊವನ್ನೇ ಕೊಡಬೇಕು ಅಂತ ಮೊದಲೇ ಹೇಳಿಬಿಡಿ.

ಸಬ್‌ಟೈಟಲ್ಲಿಗೂ ಐದು ನಿಮಿಷದ ತುಂಡು ಮಾಡಿ ಗಡಿಯಾರ ನೋಡಿ. ಬರಹ ಸಿದ್ಧವಿದ್ದು, ತುಂಡು ಮಾಡಿ ಸಮಯ ಕೂರಿಸಲು 50 ನಿಮಿಷ ಆದರೆ ಒಂದಕ್ಕೆ ಹತ್ತು. ಅದೇ 150ರ ಲೆಕ್ಕದಲ್ಲಿ 25, ಮೇಲೆ ನೂರಕ್ಕೆ 15 ಸೇರಿ 29 ರೂಪಾಯಿ. ಬರಹವನ್ನೂ ನೀವೇ ಮಾಡಬೇಕಾದರೆ ಅದರ 23 ಬೇರೆ, ಒಟ್ಟು 52. ಬಿಲ್ಲಿನಲ್ಲಿ ಎರಡನ್ನೂ ಬೇರೆ ಬೇರೆ ಸಾಲಿನಲ್ಲಿ ತೋರಿಸಿ. ಆಗ "ಅದೇ ರೇಟು" ಅನ್ನುವ ಮಾತಿಗೆ ಜಾಗ ಇರುವುದಿಲ್ಲ.

ಈಗ ನಿಮ್ಮ ಎದುರಿಗೆ ಮೂರು ದಾರಿ ಇವೆ. ಹೊಲದ ಆಡಿಯೊಗೆ 23, ಕೋಣೆಯ ಆಡಿಯೊಗೆ 12ರಿಂದ 15 ಅಂತ ಎರಡು ರೇಟು ಹೇಳಬಹುದು. ನನಗೆ ಇದೇ ಇಷ್ಟ. ಕೆಲಸ ಕೈತಪ್ಪುವ ಸಾಧ್ಯತೆ ಇದೆ, ಅದು ನಿಜ. ಎರಡನೆಯದು, ಗಂಟೆಯ ಲೆಕ್ಕಕ್ಕೆ ಒಪ್ಪಿಸುವುದು. ಬಿಲ್ಲು ಎಲ್ಲಿಗೆ ಹೋಗುತ್ತದೋ ಅಂತ ಅವರಿಗೆ ಭಯ ಇರುತ್ತದೆ, ಹಾಗಾಗಿ "46 ನಿಮಿಷದ ಫೈಲಿಗೆ 7 ಗಂಟೆ ಮೀರುವುದಿಲ್ಲ" ಅಂತ ಮಿತಿ ಹೇಳಬೇಕು. ಮೀರಿದರೆ ಅದು ನಿಮ್ಮ ಕೈಯಿಂದ ಹೋಗುತ್ತದೆ. ಮೂರನೆಯದು, ಅನುಭವಕ್ಕೆ ಅಂತ 12ರಲ್ಲೇ ಇನ್ನೆರಡು ಫೈಲು ಮಾಡುವುದು. ಮಾಡಬಾರದು ಅಂತಲ್ಲ. ಆದರೆ ಎರಡು ಅಂದರೆ ಎರಡೇ, ಮತ್ತು ಅದನ್ನು ಮೊದಲೇ ಬರೆದು ತಿಳಿಸಿ. ಕಡಿಮೆ ರೇಟಿನಲ್ಲಿ ಜನ ಮೊದಲು ಬಿಡುವುದು ಮೂರನೇ ಸುತ್ತನ್ನು. ತಪ್ಪು ಹೆಚ್ಚುತ್ತದೆ, ಮತ್ತೆ ದುಡ್ಡು ಹಿಡಿಯುತ್ತಾರೆ.

ಹಿಡಿದುಕೊಂಡ 150ರ ಬಗ್ಗೆ ಜಗಳ ಬೇಡ, ಒಂದು ಮೇಲ್ ಹಾಕಿ. ಹೀಗೆ ಬರೆಯಬಹುದು:

"ನಮಸ್ಕಾರ. ಮೊದಲ ಫೈಲಿನಲ್ಲಿ ತಪ್ಪು ಅಂತ ಗುರುತಿಸಿದ ಜಾಗಗಳನ್ನು ಸಮಯದ ಜೊತೆ ಕಳಿಸಿಕೊಡಿ. ಕೇಳುವುದರಲ್ಲಿ ನಾನು ತಪ್ಪಿದ್ದರೆ ತಿದ್ದಿಕೊಡುತ್ತೇನೆ, ಅದಕ್ಕೆ ಹಣ ಬೇಡ. ಆಡುಮಾತನ್ನು ಪುಸ್ತಕದ ಕನ್ನಡಕ್ಕೆ ಬದಲಿಸಿದ ಜಾಗಗಳಿದ್ದರೆ ಅವನ್ನು ಬೇರೆ ಮಾಡಿ ತೋರಿಸಿ, ಯಾಕೆಂದರೆ ಆ ಸೂಚನೆ ನನಗೆ ಮೊದಲು ಬಂದಿರಲಿಲ್ಲ. ಮುಂದಿನ ಫೈಲಿನಿಂದ ಎರಡು ನಿಮಿಷದ ಮಾದರಿ ಕಳಿಸಿ, ನೀವು ಒಪ್ಪಿದ ಮೇಲೆ ಮುಂದುವರಿಸುತ್ತೇನೆ. ತಪ್ಪಿದ್ದರೆ ಒಂದು ಸಲ ಉಚಿತ ತಿದ್ದುಪಡಿ ಇರುತ್ತದೆ, ಹಣ ಕಡಿತ ಇರುವುದಿಲ್ಲ."

ಅವರು ಪಟ್ಟಿ ಕಳಿಸಿದರೆ ಅದನ್ನು ಎರಡು ಗುಂಪು ಮಾಡಿ: ಅರ್ಥ ಕೆಟ್ಟ ತಪ್ಪು, ಬರೆಯುವ ರೀತಿಯ ವ್ಯತ್ಯಾಸ. ಅರ್ಥ ಕೆಟ್ಟದ್ದು ಎಷ್ಟು ಅಂತ ಎಣಿಸಿ ನನಗೂ ಬರೆಯಿರಿ. 4,600 ಪದಕ್ಕೆ 95 ಪರ್ಸೆಂಟ್ ಅಂದರೆ 230 ತಪ್ಪಿನವರೆಗೂ ಮಾಫಿ. ನಿಮ್ಮ ಪಟ್ಟಿಯಲ್ಲಿ ಅದರ ಹತ್ತಿರ ಬಂದಿದ್ದರೆ, ಯಾವ ಬಗೆಯ ಪದಗಳು ತಪ್ಪಿವೆ ಅಂತ ಒಟ್ಟಿಗೆ ನೋಡೋಣ.